ಎರಡು ಇನ್ನೂರು ಕಿಲೋಗಳ ಲೆಕ್ಕ

ಪ್ರಶ್ನೆ: ಮನೆಯಲ್ಲೇ ಕುಂದಾಪುರ ಕೋಳಿ ಮಸಾಲೆ ಪುಡಿ ಮಾಡಿ ತಿಂಗಳಿಗೆ ಸುಮಾರು 40 ಕಿಲೋ ಮಾರುತ್ತಿದ್ದೇನೆ, ಎಲ್ಲವೂ 100 ಗ್ರಾಂ ಪ್ಯಾಕೆಟ್. ಇನ್ನು ಕೈಯಿಂದ ಆಗುವುದಿಲ್ಲ. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ನನ್ನ ಹೆಸರಿನಲ್ಲೇ ಮಾಡಿಸಲು ವಿಚಾರಿಸಿದೆ, ಕನಿಷ್ಠ 200 ಕಿಲೋ ಎಂದರು. ಮುದ್ರಿತ ಪೌಚಿನವರು ಕನಿಷ್ಠ 200 ಕಿಲೋ ಫಿಲ್ಮ್ ಎನ್ನುತ್ತಾರೆ. ಡಿಸೈನ್ ಮಾಡಿಸಿ ಇಟ್ಟುಕೊಂಡಿದ್ದೇನೆ. ದೀಪಾವಳಿಗೆ ಅಂಗಡಿಗಳಲ್ಲಿ ಇರಬೇಕು. ಕಾರ್ಖಾನೆಯವರು 20 ದಿನದಲ್ಲಿ ಕೊಡುತ್ತೇವೆ ಎನ್ನುತ್ತಾರೆ. ನಂಬಬಹುದೇ? ಅವರ ಬಳಿ ಹೇಗೆ ಕೇಳಬೇಕು?
— ಒಬ್ಬ ಓದುಗರು, ಬ್ರಹ್ಮಾವರ

ಉತ್ತರ: ಮೊದಲು ಫಿಲ್ಮಿನ ಲೆಕ್ಕ ಮುಗಿಸೋಣ. 100 ಗ್ರಾಂ ಮಸಾಲೆಯ ಪೌಚ್ ಹೆಚ್ಚುಕಡಿಮೆ 11 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಮುಂದಿನ ಮೈ, ಹಿಂದಿನ ಮೈ, ಬೆನ್ನಿನ ಬೆಸುಗೆ ಸೇರಿ 24 ಸೆಂಟಿಮೀಟರ್ ಅಗಲದ ಫಿಲ್ಮ್ ಬೇಕು. ಮಸಾಲೆಗೆ ಬಳಸುವ ಮೂರು ಪದರದ ಫಿಲ್ಮ್, ಅಂದರೆ ಹೊರಗೆ ಪಾಲಿಯೆಸ್ಟರ್, ನಡುವೆ ಬೆಳ್ಳಿಬಣ್ಣದ ಪದರ, ಒಳಗೆ ಬೆಸುಗೆ ಹಿಡಿಯುವ ಪಾಲಿಥೀನ್, ಚದರ ಮೀಟರಿಗೆ ಸುಮಾರು 84 ಗ್ರಾಂ ತೂಗುತ್ತದೆ. ಹಾಗಾದರೆ ಒಂದು ಖಾಲಿ ಪೌಚಿನ ತೂಕ ಮೂರು ಗ್ರಾಂಗಿಂತ ತುಸು ಹೆಚ್ಚು. ಒಂದು ಕಿಲೋ ಫಿಲ್ಮಿನಲ್ಲಿ ಸುಮಾರು 310 ಪೌಚ್. ಯಂತ್ರ ಹೊಂದಿಸುವಾಗ ಹಾಳಾಗುವುದನ್ನು ಕಳೆದರೂ 200 ಕಿಲೋದಲ್ಲಿ 60,000 ಪೌಚ್ ನಿಮ್ಮ ಮನೆಗೆ ಬಂದು ಬೀಳುತ್ತದೆ. ತಿಂಗಳಿಗೆ 400 ಪ್ಯಾಕೆಟ್ ಮಾರುವವರಿಗೆ ಅದು ಹನ್ನೆರಡೂವರೆ ವರ್ಷದ ದಾಸ್ತಾನು. ಅಷ್ಟರೊಳಗೆ ನಿಮ್ಮ ವಿಳಾಸ ಬದಲಾಗಬಹುದು, ಲೇಬಲ್ ನಿಯಮ ಬದಲಾಗಬಹುದು, ಫಿಲ್ಮಿನ ಪದರಗಳೇ ಬಿಟ್ಟುಕೊಳ್ಳಬಹುದು.

ಕಾರ್ಖಾನೆಯವರ 200 ಕಿಲೋ ಬೇರೆ ಜಾತಿಯದು. ಅದು ಬರೀ 2,000 ಪ್ಯಾಕೆಟ್. ಎರಡು ಕಡೆಯೂ ಒಂದೇ ಅಂಕಿ ಕೇಳಿ ಬಂದದ್ದರಿಂದ ನಿಮಗೆ ಎರಡೂ ಒಂದೇ ತೂಕದ ಮಾತು ಅನ್ನಿಸಿರಬೇಕು. ಈ ವ್ಯವಹಾರಕ್ಕೆ ಹೊಸದಾಗಿ ಇಳಿದವರು ಮುಗ್ಗರಿಸುವುದು ಪುಡಿಯ ಕನಿಷ್ಠ ಪ್ರಮಾಣದಲ್ಲಿ ಅಲ್ಲ, ಪ್ಯಾಕಿಂಗಿನ ಕನಿಷ್ಠ ಪ್ರಮಾಣದಲ್ಲಿ.

ಪೌಚಿನವರು ಅಷ್ಟು ಕೇಳುವುದು ದುರಾಸೆಯಿಂದ ಅಲ್ಲ. ರೋಟೋಗ್ರೇವರ್ ಮುದ್ರಣದಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಕೆತ್ತಿದ ಲೋಹದ ಸಿಲಿಂಡರ್ ಬೇಕು. ನಿಮ್ಮ ಡಿಸೈನಿನಲ್ಲಿ ಏಳು ಬಣ್ಣವಿದ್ದರೆ ಏಳು ಸಿಲಿಂಡರ್. ಅವನ್ನು ಯಂತ್ರಕ್ಕೆ ಏರಿಸಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವ ತನಕ ಓಡುವ ಫಿಲ್ಮ್ ಎಲ್ಲವೂ ಕಸ. ಸಣ್ಣ ಆರ್ಡರಿಗೆ ಆ ಯಂತ್ರವನ್ನು ತಿರುಗಿಸಿದರೆ ಅವರಿಗೆ ಉಳಿಯುವುದೇನೂ ಇಲ್ಲ. ಅವರ ಜತೆ ಚೌಕಾಸಿ ಮಾಡುವುದಕ್ಕಿಂತ ಸದ್ಯಕ್ಕೆ ಅವರ ಬಳಿ ಹೋಗದಿರುವುದೇ ಲೇಸು. ಮುಂದೆ ಹೋಗುವ ದಿನ ಬಂದಾಗ ಸಿಲಿಂಡರಿಗೆ ಹಣ ಕೊಟ್ಟವರು ನೀವು, ಅವು ನಿಮ್ಮವು ಎಂದು ಬರೆಸಿಕೊಳ್ಳಿ.

ಪುಡಿಯ ಕನಿಷ್ಠ ಪ್ರಮಾಣದಲ್ಲಿ ಮಾತ್ರ ಮಾತುಕತೆಗೆ ಜಾಗವಿದೆ. ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನೋಡಿದರೆ ಸಾಕು. ಕಾರ್ಖಾನೆಯಲ್ಲಿ ನಿಮ್ಮ ಮಸಾಲೆಗೆ ಮುಂಚೆ ಇನ್ನಾರದೋ ಸಾಂಬಾರ್ ಪುಡಿ ಓಡಿರುತ್ತದೆ. ಹುರಿಯುವ ಡ್ರಮ್, ಅರೆಯುವ ಪಲ್ವರೈಸರ್, ಜರಡಿ, ತುಂಬುವ ಹಾಪರ್ ಎಲ್ಲವನ್ನೂ ಬಿಚ್ಚಿ ಶುಚಿ ಮಾಡಬೇಕು. ಅದಕ್ಕೆ ಅರ್ಧ ದಿನ, ಇಬ್ಬರು ಆಳು. ಆ ಖರ್ಚು ನೀವು 50 ಕಿಲೋ ಮಾಡಿಸಿದರೂ ಅಷ್ಟೇ, 500 ಮಾಡಿಸಿದರೂ ಅಷ್ಟೇ. ಲೆಕ್ಕಕ್ಕೆ ಅದು 3,000 ರೂಪಾಯಿ ಎಂದಿಟ್ಟುಕೊಳ್ಳಿ. 200 ಕಿಲೋದ ಮೇಲೆ ಹರಡಿದರೆ ಕಿಲೋಗೆ 15 ರೂಪಾಯಿ, 100 ಕಿಲೋದ ಮೇಲೆ ಹರಡಿದರೆ 30. ವ್ಯತ್ಯಾಸ ಒಂದು ಪ್ಯಾಕೆಟಿಗೆ ಒಂದೂವರೆ ರೂಪಾಯಿ. ಆದ್ದರಿಂದ "ಸ್ವಲ್ಪ ಕಡಿಮೆ ಮಾಡಿ ಕೊಡಿ" ಎಂದು ಬೇಡಬೇಡಿ. "100 ಕಿಲೋ ಮಾಡಿಕೊಡಿ, ಶುಚಿ ಮಾಡುವ ಖರ್ಚನ್ನು ಪ್ರತ್ಯೇಕವಾಗಿ ಕೊಡುತ್ತೇನೆ" ಎನ್ನಿ. ಹೀಗೆ ಕೇಳಿದವರಿಗೆ ಆಗುವುದಿಲ್ಲ ಎಂದ ಮಾಲೀಕರನ್ನು ನಾನು ಕಂಡದ್ದು ಅಪರೂಪ. ಜತೆಗೆ, ದಿನದ ಮೊದಲ ಬ್ಯಾಚ್ ನಿಮ್ಮದಾಗಲಿ ಎಂದೂ ಕೇಳಿಕೊಳ್ಳಿ. ಸಾಂಬಾರ್ ಪುಡಿಯ ಬೆನ್ನಿಗೇ ಓಡಿಸಿದರೆ ಮೊದಲ ಕೆಲವು ಕಿಲೋದಲ್ಲಿ ಇಂಗಿನ ವಾಸನೆ ಇಣುಕುತ್ತದೆ. ಕೂಟು ಇಂಗಿನಲ್ಲಿ ಗೋಧಿ ಅಥವಾ ಮೈದಾ ಹಿಟ್ಟು ಇರುವುದುಂಟು, ಗೋಧಿ ಆಗದವರಿಗೆ ಅದು ವಾಸನೆಗಿಂತ ದೊಡ್ಡ ಸಂಗತಿ.

100 ಕಿಲೋ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣ ನಿಮ್ಮ ಪುಡಿಯೇ. ಕುಂದಾಪುರದ ಮಸಾಲೆಯಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ, ಜೀರಿಗೆಗಳನ್ನು ತೆಂಗಿನೆಣ್ಣೆ ಸೋಕಿಸಿ ಹುರಿಯುತ್ತೀರಿ. ಘಮ ಬರುವುದು ಅದರಿಂದಲೇ, ಕೆಡುವುದೂ ಅದರಿಂದಲೇ. ನಮ್ಮ ಕರಾವಳಿಯ ಸೆಖೆಯಲ್ಲಿ, ಗಾಳಿಯ ತೇವದಲ್ಲಿ, ಎಣ್ಣೆ ಸೇರಿದ ಪುಡಿ ಕೆಲವೇ ತಿಂಗಳಿಗೆ ಕಮಟು ಹಿಡಿಯುತ್ತದೆ. ಪ್ಯಾಕೆಟ್ ಮೇಲೆ ಆರು ತಿಂಗಳು ಎಂದು ಹಾಕಿದಿರಿ ಎನ್ನೋಣ. 2,000 ಪ್ಯಾಕೆಟ್ ಖಾಲಿಯಾಗಲು ನಿಮಗೆ ಐದು ತಿಂಗಳು ಬೇಕು. ಕೊನೆಯ 400 ಪ್ಯಾಕೆಟ್ ಅಂಗಡಿಗೆ ಹೋಗುವಾಗ ಅವಕ್ಕೆ ಉಳಿದಿರುವುದು ಎರಡು ತಿಂಗಳೂ ಇಲ್ಲ, ಯಾವ ಅಂಗಡಿಯವರೂ ಅದನ್ನು ತೆಗೆದುಕೊಳ್ಳುವುದಿಲ್ಲ. 1,000 ಪ್ಯಾಕೆಟ್ ಎರಡೂವರೆ ತಿಂಗಳಿಗೆ ಮುಗಿಯುತ್ತದೆ. ಒಂದೂವರೆ ರೂಪಾಯಿ ಹೆಚ್ಚು ಕೊಟ್ಟದ್ದು ಅಲ್ಲಿಗೆ ವಸೂಲಾಯಿತು. ಒಮ್ಮೆಲೇ 200 ಕಿಲೋ ಅರೆಸಿ ಅರ್ಧವನ್ನು ಡ್ರಮ್ಮಿನಲ್ಲಿ ಇಡಿಸುತ್ತೇನೆ ಎಂಬ ಯೋಚನೆ ಬಂದರೆ ಬಿಟ್ಟುಬಿಡಿ. ಅರೆದ ಗಳಿಗೆಯಿಂದಲೇ ಗಡಿಯಾರ ಓಡುತ್ತದೆ, ಪ್ಯಾಕ್ ಮಾಡಿದ ದಿನದಿಂದಲ್ಲ.

ಹೀಗಾಗಿ ಮೊದಲ ಆರ್ಡರಿಗೆ ನನ್ನ ಸಲಹೆ: ಕಾರ್ಖಾನೆಯವರ ಬಳಿ ಸದಾ ಇರುವ ಮುದ್ರಣವಿಲ್ಲದ ಬೆಳ್ಳಿಬಣ್ಣದ ಪೌಚ್, ಅದರ ಮೇಲೆ ನಿಮ್ಮ ಸ್ಟಿಕರ್. 1,000 ಸ್ಟಿಕರನ್ನು ಮಂಗಳೂರಿನಲ್ಲಾಗಲಿ ಮಣಿಪಾಲದಲ್ಲಾಗಲಿ ಯಾರೂ ಮೂಗು ಮುರಿಯದೆ ಮಾಡಿಕೊಡುತ್ತಾರೆ. ಆದರೆ ಕ್ರೋಮೋ ಕಾಗದದ ಸ್ಟಿಕರ್ ಬೇಡ. ಆಟಿಯ ತೇವಕ್ಕೆ ಅದರ ಅಂಚು ಏಳುತ್ತದೆ, ಎಣ್ಣೆ ಕೈ ತಾಗಿದರೆ ಕಲೆ ನಿಲ್ಲುತ್ತದೆ. ಪಿಪಿ ಎಂದು ಕರೆಯುವ ಪ್ಲಾಸ್ಟಿಕ್ ಸ್ಟಿಕರನ್ನೇ ಕೇಳಿ. ಪುಡಿಯ ಬಣ್ಣ ಕಾಣಲಿ ಎಂದು ಪಾರದರ್ಶಕ ಪೌಚ್ ಆರಿಸುವ ಆಸೆಯಾಗುತ್ತದೆ. ಬ್ಯಾಡಗಿಯ ಕೆಂಪು ಬೆಳಕಿಗೆ ನಿಲ್ಲುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಮುಂದಿನ ಸಾಲಿನ ಪ್ಯಾಕೆಟ್ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಹಿಂದಿನ ಸಾಲಿನದು ಕೆಂಪಗೇ ಉಳಿದದ್ದನ್ನು ನೋಡಿದ್ದೇನೆ. ಎರಡನೆಯ ಅಥವಾ ಮೂರನೆಯ ಆರ್ಡರಿಗೆ, ತಿಂಗಳ ಮಾರಾಟ ಸಾವಿರ ದಾಟಿದ ಮೇಲೆ, ಒಳಗೆ ಇದೇ ಸಾದಾ ಪೌಚ್ ಇಟ್ಟು ಹೊರಗೆ ಮುದ್ರಿತ ರಟ್ಟಿನ ಪೆಟ್ಟಿಗೆ ಮಾಡಿಸಿ. ಅಂಗಡಿಯ ಹಲಗೆಯ ಮೇಲೆ ಅದು ನೆಟ್ಟಗೆ ನಿಲ್ಲುತ್ತದೆ. ಆಫ್‌ಸೆಟ್ ಮುದ್ರಣವಾದ್ದರಿಂದ ಎರಡು ಮೂರು ಸಾವಿರಕ್ಕೂ ಮಾಡಿಕೊಡುತ್ತಾರೆ.

ಇನ್ನು ನೀವು ಮಾಡಿಸಿಟ್ಟುಕೊಂಡಿರುವ ಡಿಸೈನ್. ಅದನ್ನು ನೋಡದೆಯೇ ಹೇಳುತ್ತೇನೆ: ಬದಲಾಯಿಸಬೇಕಾಗುತ್ತದೆ. ಪೌಚಿನ ಅಳತೆಯನ್ನು ತೀರ್ಮಾನಿಸುವುದು ಡಿಸೈನರ್ ಅಲ್ಲ, ಕಾರ್ಖಾನೆಯ ಯಂತ್ರ. ನನಗೆ ಈ ಪಾಠವಾದದ್ದು ಕಷಾಯ ಪುಡಿಯೊಂದರ ರೋಲ್ ಮಾಡಿಸಿದಾಗ. ರೋಲಿನ ಫಿಲ್ಮಿನ ಅಂಚಿನಲ್ಲಿ ಪೌಚಿಗೊಂದರಂತೆ ಸಣ್ಣ ಗಾಢ ಬಣ್ಣದ ಚೌಕವಿರುತ್ತದೆ, ಅದಕ್ಕೆ ಐಮಾರ್ಕ್ ಎನ್ನುತ್ತಾರೆ. ಯಂತ್ರದ ಕಣ್ಣು ಅದನ್ನು ಕಂಡಾಗ ಪೌಚನ್ನು ಕತ್ತರಿಸುತ್ತದೆ. ನಮ್ಮ ಡಿಸೈನರ್ ಚೆಂದಕ್ಕೆಂದು ಕಂದು ಬಣ್ಣದ ಬಳ್ಳಿಯ ಚಿತ್ತಾರವನ್ನು ಅಂಚಿನ ತನಕ ಎಳೆದಿದ್ದರು. ಯಂತ್ರದ ಕಣ್ಣಿಗೆ ಎಲೆ ಯಾವುದು, ಗುರುತು ಯಾವುದು ತಿಳಿಯಲಿಲ್ಲ. ಮೂರನೆಯ ಪೌಚಿನಿಂದಲೇ ಹೆಸರಿನ ನಡುವೆ ಕತ್ತರಿ ಬಿತ್ತು. 60 ಕಿಲೋ ರೋಲ್ ಗುಜರಿಗೆ ಹೋಯಿತು. ತಪ್ಪು ಅವರದಲ್ಲ, ಯಂತ್ರದವರನ್ನು ಕೇಳದೆ ಫೈಲ್ ಒಪ್ಪಿದವನು ನಾನು.

ನಿಮ್ಮದು ಸ್ಟಿಕರ್ ಆದ್ದರಿಂದ ಐಮಾರ್ಕಿನ ಗೋಜಿಲ್ಲ. ಆದರೆ ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಗರಿಷ್ಠ ಮಾರಾಟ ಬೆಲೆ, ಗ್ರಾಂ ಒಂದರ ಬೆಲೆ ಇವನ್ನು ಪ್ಯಾಕಿಂಗ್ ಹೊತ್ತಿಗೆ ಕೋಡಿಂಗ್ ಯಂತ್ರದಲ್ಲಿ ಹಾಕಬೇಕು. ಅದಕ್ಕೆ ತಿಳಿಬಣ್ಣದ, ಲ್ಯಾಮಿನೇಷನ್ ಇಲ್ಲದ ಖಾಲಿ ಜಾಗ ಬಿಡಿ, ನಾಲ್ಕು ಸೆಂಟಿಮೀಟರ್ ಉದ್ದ, ಎರಡೂವರೆ ಅಗಲ. ನುಣುಪು ಮೈಯ ಮೇಲೆ ಹಾಕಿದ ಶಾಯಿ ಬೆರಳಿಗೆ ಹತ್ತಿ ಅಳಿಸಿಹೋಗುತ್ತದೆ. ಬೆಲೆಯನ್ನು ಸ್ಟಿಕರಿನಲ್ಲೇ ಮುದ್ರಿಸಿಬಿಟ್ಟರೆ ಮೆಣಸಿನ ದರ ಏರಿದ ದಿನ ಉಳಿದ ಸ್ಟಿಕರೆಲ್ಲ ರದ್ದಿ.

ಬರಹದ ಬಗ್ಗೆ ಮೂರು ಮಾತು ಸಾಕು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಕನ್ನಡವನ್ನು ಅದರ ಜತೆಗೆ ಹಾಕಬಹುದು. ಕನ್ನಡದಲ್ಲಿ ಮಾತ್ರ ಇದ್ದರೆ ನಿಯಮಕ್ಕೆ ಸಾಲದು. ಕಾರ್ಖಾನೆಯವರ ಲೈಸೆನ್ಸ್ ಇದೆಯಲ್ಲ ಎಂದು ಸುಮ್ಮನಿರಬೇಡಿ, ಬ್ರ್ಯಾಂಡ್ ಮಾಲೀಕರಾಗಿ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನಿಮ್ಮ ಹೆಸರೂ ಇರಬೇಕು. ಈಗಿರುವ ಮನೆ ತಯಾರಿಕೆಯ ನೋಂದಣಿಗೆ ಮಾರಾಟಗಾರರ ವಿಭಾಗ ಸೇರಿಸಿಕೊಳ್ಳಿ, ಲೇಬಲಿನಲ್ಲಿ ತಯಾರಕರು ಯಾರು, ಮಾರುವವರು ಯಾರು ಎಂಬುದು ಬೇರೆಬೇರೆಯಾಗಿ ಬರಲಿ. ಮತ್ತೆ, ಕೋಳಿ ಮಸಾಲೆ ಎಂಬ ಹೆಸರು ನೋಡಿ ಡಿಸೈನರ್ ಮಾಂಸಾಹಾರದ ಗುರುತು ಹಾಕಿರುವ ಸಂಭವವಿದೆ. ಒಳಗಿರುವುದು ಬರೀ ಸಾಂಬಾರ ಪದಾರ್ಥ, ಕೋಳಿಯಲ್ಲ, ಆದ್ದರಿಂದ ಹಸಿರು ಚುಕ್ಕೆಯೇ ಸರಿ. ಬ್ರ್ಯಾಂಡ್ ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿಯನ್ನು, ಸಾಂಬಾರ ಪದಾರ್ಥಗಳು ಬರುವ 30ನೆಯ ವರ್ಗದಲ್ಲಿ, ನಿಮ್ಮ ಹೆಸರಿನಲ್ಲೇ ಹಾಕಿ. "ನಾವೇ ಮಾಡಿಸಿಕೊಡುತ್ತೇವೆ" ಎಂದು ಕಾರ್ಖಾನೆಯವರು ಅಂದರೂ ಬೇಡ.

ಹೇಗೆ ಕೇಳಬೇಕು ಎಂದಿರಿ. "ಮಸಾಲೆಗೆ ರೇಟ್ ಎಷ್ಟು?" ಎಂಬ ಸಂದೇಶಗಳು ಅವರ ಮೊಬೈಲಿಗೆ ದಿನವೂ ಬಂದು ಬೀಳುತ್ತವೆ, ಅವಕ್ಕೆ ಉತ್ತರ ಬರುವುದಿಲ್ಲ. ನಿಮ್ಮ ಕೆಲಸ ನಿಮಗೆ ಗೊತ್ತಿದೆ ಎಂಬುದು ಮೊದಲ ಪತ್ರದಲ್ಲೇ ಕಾಣಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

"ಮಾನ್ಯರೇ, ತೆಂಗಿನೆಣ್ಣೆಯಲ್ಲಿ ಹುರಿದ ಕೋಳಿ ಮಸಾಲೆ ಪುಡಿಯನ್ನು ನಮ್ಮ ಬ್ರ್ಯಾಂಡಿನಲ್ಲಿ ಮಾಡಿಸಬೇಕಾಗಿದೆ. ಮೊದಲ ಆರ್ಡರ್ 100 ಕಿಲೋ, 100 ಗ್ರಾಂನ 1,000 ಪ್ಯಾಕೆಟ್. ಸರಿಬಂದರೆ ಎರಡೂವರೆ ತಿಂಗಳಿಗೊಮ್ಮೆ ಮರು ಆರ್ಡರ್. ಪಾಕದ ಪ್ರಮಾಣ ನಮ್ಮದು, ಕಚ್ಚಾವಸ್ತು ಖರೀದಿ ನಿಮ್ಮದು. ಪೌಚ್ ನಿಮ್ಮ ಸಾದಾ ಪೌಚ್, ಸ್ಟಿಕರ್ ನಾವು ಒದಗಿಸುತ್ತೇವೆ. ದಯವಿಟ್ಟು ಇವನ್ನು ತಿಳಿಸಿ: ಎಣ್ಣೆ ಸೇರಿದ ಪದಾರ್ಥ ನಿಮ್ಮ ಪಲ್ವರೈಸರಿನಲ್ಲಿ ಓಡುತ್ತದೆಯೇ, ಹುರಿದು ಅರೆದಾಗ ತೂಕದಲ್ಲಿ ನೂರಕ್ಕೆ ಎಷ್ಟು ಕಳೆಯುತ್ತದೆ, 100 ಕಿಲೋಗೆ ದರ ಮತ್ತು ಶುಚಿ ಮಾಡುವ ಖರ್ಚು ಪ್ರತ್ಯೇಕವಾಗಿ, ಸ್ಯಾಂಪಲಿಗೆ ಎಷ್ಟು ದಿನ, ನಿಮ್ಮ 20 ದಿನ ಯಾವ ದಿನದಿಂದ ಶುರುವಾಗುತ್ತದೆ."

ಎಣ್ಣೆಯ ಪ್ರಶ್ನೆಯನ್ನು ಮೊದಲಿಗೆ ಹಾಕಿದ್ದು ಬೇಕೆಂದೇ. ಎಣ್ಣೆ ಸೇರಿದ ಕೊತ್ತಂಬರಿ ಪಲ್ವರೈಸರಿನ ಜರಡಿಗೆ ಮೆತ್ತಿಕೊಂಡು ಯಂತ್ರ ಬಿಸಿಯಾಗುತ್ತದೆ. ಹಾಗಾಗದಂತೆ ಕೆಲವರು ನಿಮಗೆ ಹೇಳದೆಯೇ ಎಣ್ಣೆಯನ್ನು ಅರ್ಧಕ್ಕೆ ಇಳಿಸುತ್ತಾರೆ. ಇನ್ನು ಕೆಲವರು ಒಣಗಿಯೇ ಹುರಿದು ಅರೆದು, ಕೊನೆಗೆ ಎಣ್ಣೆ ಬೆರೆಸುತ್ತಾರೆ. ಎರಡರಲ್ಲೂ ಬರುವ ರುಚಿ ನಿಮ್ಮ ಮನೆಯ ರುಚಿಯಲ್ಲ. ಸ್ಯಾಂಪಲ್ ಬಂದಾಗ ನಿಮ್ಮ ಪುಡಿ, ಅವರ ಪುಡಿ ಎರಡನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಹರವಿ ಹಗಲ ಬೆಳಕಿನಲ್ಲಿ ನೋಡಿ. ಬೆರಳಲ್ಲಿ ಉಜ್ಜಿದಾಗ ಎಣ್ಣೆಯ ಜಿಡ್ಡು ಎರಡರಲ್ಲೂ ಒಂದೇ ಥರ ಇರಬೇಕು. ಅವರದು ಕಪ್ಪಗಿದ್ದು ಕಹಿ ಹೊಡೆದರೆ ಮೆಂತೆ ಸೀದಿದೆ ಎಂದು ಅರ್ಥ, ಎಲ್ಲವನ್ನೂ ಒಟ್ಟಿಗೆ ಡ್ರಮ್ಮಿಗೆ ಸುರಿದಿರುತ್ತಾರೆ. ಮೂಸಿ ತೀರ್ಮಾನಿಸಬೇಡಿ, ಒಂದು ಕೋಳಿ ಸುಕ್ಕ ಮಾಡಿಯೇ ತೀರ್ಮಾನಿಸಿ. ಒಪ್ಪಿದ ಸ್ಯಾಂಪಲನ್ನು ಎರಡು ಪೊಟ್ಟಣ ಮಾಡಿ ಇಬ್ಬರೂ ಸಹಿ ಹಾಕಿ, ಒಂದು ನಿಮ್ಮ ಬಳಿ, ಒಂದು ಅವರ ಬಳಿ ಇರಲಿ. ನಾಳೆ ಜಗಳ ಬಂದರೆ ಸಾಕ್ಷಿ ಹೇಳುವುದು ಅದೇ.

ಈಗ 20 ದಿನದ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಎಣಿಕೆ ಶುರುವಾಗುವುದು ಸ್ಯಾಂಪಲ್ ಒಪ್ಪಿ, ಮುಂಗಡ ಸಂದಾಯವಾಗಿ, ಸ್ಟಿಕರ್ ಅವರ ಗೋದಾಮು ತಲುಪಿದ ದಿನದಿಂದ. ನಿಮ್ಮ ಎಣಿಕೆ ಶುರುವಾಗುವುದು ಇಂದಿನಿಂದ. ಮೊದಲ ಸ್ಯಾಂಪಲಿಗೆ ಎಂಟು ಹತ್ತು ದಿನ, ಅದು ಸರಿಬರುವುದಿಲ್ಲ, ತಿದ್ದಿದ ಎರಡನೆಯದಕ್ಕೆ ಮತ್ತೆ ಅಷ್ಟೇ. ಅಲ್ಲಿಗೆ ಮೂರು ವಾರ. ಈ ಹೊತ್ತಿನಲ್ಲೇ ಸ್ಟಿಕರಿನ ಕರಡನ್ನು ತಯಾರಕರಿಗೂ ತೋರಿಸಿ ಲಿಖಿತ ಒಪ್ಪಿಗೆ ಪಡೆಯಿರಿ, ಮುದ್ರಣಕ್ಕೆ ಒಂದು ವಾರ. ಕಚ್ಚಾವಸ್ತು ತರಿಸುವುದು, ಹುರಿದು ಅರೆಯುವುದು ಒಂದು ವಾರ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಇನ್ನೊಂದು ವಾರ. ಪ್ಯಾಕಿಂಗ್, ಸಾಗಣೆ ಸೇರಿ ಎಲ್ಲವೂ ಏಳು ವಾರದ ಹತ್ತಿರಕ್ಕೆ ಬರುತ್ತದೆ. ಸರಕು ಹಬ್ಬಕ್ಕೆ ಎರಡು ವಾರ ಮೊದಲೇ ಅಂಗಡಿಯಲ್ಲಿರಬೇಕು. ಎಲ್ಲಾದರೂ ಎಡವಿದರೆ ಎಂದು ಒಂದು ವಾರ ಹಿಡಿದರೆ ಹತ್ತು ವಾರ. ಅಂದರೆ ಶ್ರಾವಣ ಮುಗಿಯುವಷ್ಟರಲ್ಲಿ ಮೊದಲ ಸ್ಯಾಂಪಲ್ ನಿಮ್ಮ ಅಡುಗೆಮನೆಯಲ್ಲಿರಬೇಕು. ಭಾದ್ರಪದದಲ್ಲಿ ಶುರುಮಾಡಿದರೆ ದೀಪಾವಳಿಯನ್ನು ಬಿಟ್ಟು ಮುಂದಿನದನ್ನು ಯೋಚಿಸಿ. ಅವಸರದಲ್ಲಿ ಎರಡನೆಯ ಸ್ಯಾಂಪಲನ್ನು ಹಾರಿಸುವ ಮನಸ್ಸಾಗುತ್ತದೆ, ಹಾರಿಸಿದವರಿಗೆ ಹಬ್ಬದ ನಂತರ ವಾಪಸು ಬಂದ ಪ್ಯಾಕೆಟುಗಳನ್ನು ಎಣಿಸುವ ಕೆಲಸ ಸಿಗುತ್ತದೆ.

ಮುದ್ರಿತ ಫಿಲ್ಮಿಗೆ ಹೋಗಿದ್ದರೆ ಇದೇ ಅವಧಿಗೆ ಸಿಲಿಂಡರ್ ಕೆತ್ತನೆ, ಮುದ್ರಣ, ಪದರ ಜೋಡಿಸುವುದು, ಅಂಟು ಒಣಗುವುದು, ರೋಲ್ ಸೀಳುವುದು ಎಂದು ಮೂರರಿಂದ ಐದು ವಾರ ಸೇರುತ್ತಿತ್ತು. ಬೆಂಗಳೂರಿನ ಕಡೆಯಿಂದ ಬರುವ ಲಾರಿ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಸಿಕ್ಕಿಕೊಂಡರೆ ಅದು ಬೇರೆ.

ಆರ್ಡರ್ ಪತ್ರದಲ್ಲಿ ಎರಡು ಸಾಲು ಮರೆಯಬೇಡಿ. ಒಂದು, 1,000 ಎಂದರೆ ಎಷ್ಟರ ತನಕ ಹೆಚ್ಚುಕಡಿಮೆ ಒಪ್ಪಿಗೆ ಎಂಬುದು. ಅರೆಯುವಾಗಿನ ನಷ್ಟದಿಂದ 950 ಬರಬಹುದು, 1,050 ಬರಬಹುದು, ನೂರಕ್ಕೆ ಐದು ಎಂದು ಬರೆಸಿ. ಇನ್ನೊಂದು, ದಿನಾಂಕದ ಬದಲು "ಸ್ಟಿಕರ್ ತಲುಪಿದ ದಿನದಿಂದ 20 ದಿನ" ಎಂದೇ ಬರೆಸಿ, ಸ್ಟಿಕರ್ ಕೊಟ್ಟ ದಿನ ರಸೀದಿ ತೆಗೆದುಕೊಳ್ಳಿ. ಪಾಕದ ಗುಟ್ಟು ಹೊರಬಿದ್ದೀತೆಂಬ ಚಿಂತೆಯಿದ್ದರೆ ಸಣ್ಣ ಪ್ರಮಾಣದಲ್ಲಿ ಬೀಳುವ ಮೂರು ನಾಲ್ಕು ಪದಾರ್ಥಗಳನ್ನು ನೀವೇ ತೂಗಿ ಬೆರೆಸಿ, ಬ್ಯಾಚಿಗೊಂದು ಚೀಲವಾಗಿ ಕೊಡಿ. ಪದಾರ್ಥಗಳ ಹೆಸರು ಲೇಬಲಿನಲ್ಲಿ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರಲೇಬೇಕು, ಆದ್ದರಿಂದ ಹೆಸರುಗಳು ಗುಟ್ಟಾಗಿ ಉಳಿಯುವುದಿಲ್ಲ. ಉಳಿಯುವುದು ಪ್ರಮಾಣ ಮಾತ್ರ.

ಸರಕು ಬಂದ ದಿನ ಬಾಕಿ ಹಣ ಕೊಡುವ ಮೊದಲು ಬೇರೆಬೇರೆ ಪೆಟ್ಟಿಗೆಗಳ ನಡುವಿನಿಂದ ಹತ್ತು ಪ್ಯಾಕೆಟ್ ಎತ್ತಿಕೊಳ್ಳಿ. ಮೊದಲು ತಕ್ಕಡಿಗೆ ಹಾಕಿ, ಖಾಲಿ ಪೌಚಿನ ತೂಕ ಕಳೆದು ನೋಡಿ. ಆಮೇಲೆ ಒಂದು ಬಕೆಟ್ ನೀರಿನಲ್ಲಿ ಪ್ಯಾಕೆಟನ್ನು ಮುಳುಗಿಸಿ ಅಂಗೈಯಿಂದ ಒತ್ತಿ. ಮೇಲಿನ ಬೆಸುಗೆಯ ಮೂಲೆಯಿಂದ ಗುಳ್ಳೆ ಎದ್ದರೆ ಬೆಸುಗೆಯ ಸಾಲಿನಲ್ಲಿ ಪುಡಿ ಸಿಕ್ಕಿದೆ ಅಥವಾ ಸೀಲರಿನ ಬಿಸಿ ಸಾಲದಾಗಿದೆ. ಹತ್ತರಲ್ಲಿ ಒಂದಕ್ಕೆ ಗುಳ್ಳೆ ಬಂದರೂ ಆ ದಿನದ ಪೆಟ್ಟಿಗೆಗಳನ್ನೆಲ್ಲ ಮರಳಿ ಸೀಲ್ ಮಾಡಿಸಿಯೇ ಮನೆಗೆ ತನ್ನಿ.